ರಕ್ತದೊತ್ತಡದ ಮಾತ್ರೆಯೂ ಕಾಲಿನ ಊತವೂ

ಸರಸ್ವತೀಪುರದ ನಿವೃತ್ತ ಮೇಷ್ಟರೊಬ್ಬರು ಒಂದು ಸಂಜೆ ನನ್ನ ಮುಂದೆ ಕುಳಿತು, ಪಂಚೆಯನ್ನು ತುಸು ಮೇಲೆತ್ತಿ ಕಣಕಾಲು ತೋರಿಸಿದರು. ಬೆರಳೊತ್ತಿದರೆ ಕುಳಿ ಬೀಳುವಷ್ಟು ಊತ. “ಡಾಕ್ಟರೇ, ಮೂತ್ರಪಿಂಡವೇನಾದರೂ ಕೆಟ್ಟಿತೆ?” ಎಂದರು. ಅವರ ರಕ್ತದೊತ್ತಡ ಮೊದಲು 164/100 ಇತ್ತು. ಆಮ್ಲೋಡಿಪಿನ್ 5 ಮಿಲಿಗ್ರಾಂ ಸಾಲದೆಂದು ತಿಂಗಳ ಹಿಂದೆ 10ಕ್ಕೆ ಏರಿಸಿದ್ದೆ. ಒತ್ತಡ 138/86ಕ್ಕೆ ಇಳಿದಿತ್ತು, ಕಾಲು ಊದಿತ್ತು.

ಕೇಳುಗರೆ, ಕೊಳಾಯಿಯಲ್ಲಿ ನೀರಿನ ಒತ್ತಡವನ್ನು ತಗ್ಗಿಸಬೇಕಾದರೆ ಮೂರು ದಾರಿಗಳುಂಟು: ನೀರನ್ನು ಕಡಿಮೆ ಮಾಡುವುದು, ಪಂಪಿನ ರಭಸವನ್ನು ಇಳಿಸುವುದು, ಕೊಳವೆಯನ್ನು ಹಿಗ್ಗಿಸುವುದು. ನಮ್ಮ ಮಾತ್ರೆಗಳೂ ಹಾಗೆಯೇ. ಕ್ಲೋರ್ಥಾಲಿಡೋನಿನಂಥ ಮೂತ್ರವರ್ಧಕಗಳು ಮೂತ್ರಪಿಂಡದಿಂದ ಉಪ್ಪನ್ನು ಹೊರಹಾಕಿಸುತ್ತವೆ. ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಬೀಟಾ ತಡೆಗಳು ಅಡ್ರಿನಲಿನ್ನಿನ ಕರೆ ಹೃದಯವನ್ನು ಮುಟ್ಟದಂತೆ ಮಾಡುತ್ತವೆ, ನಾಡಿ ನಿಧಾನವಾಗುತ್ತದೆ. ಆಮ್ಲೋಡಿಪಿನ್ ಮೂರನೆಯ ದಾರಿಯದು. ಕಿರುಧಮನಿಯ ಗೋಡೆಯ ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು. ಅದು ಒಳಹೋಗುವ ಬಾಗಿಲನ್ನು ಈ ಮಾತ್ರೆ ಮುಚ್ಚುತ್ತದೆ, ನಾಳ ಸಡಿಲಗೊಳ್ಳುತ್ತದೆ.

ಇನ್ನೊಂದು ವರ್ಗ ಆಂಜಿಯೊಟೆನ್ಸಿನ್ ಎಂಬ ವಸ್ತುವಿನ ಬೆನ್ನು ಹತ್ತುತ್ತದೆ. ಇದು ರಕ್ತನಾಳವನ್ನು ಬಿಗಿಯುತ್ತದೆ, ಉಪ್ಪನ್ನೂ ಹಿಡಿದಿಡುತ್ತದೆ. ಎನಾಲಾಪ್ರಿಲ್ ಇದು ತಯಾರಾಗುವುದನ್ನೇ ತಡೆಯುತ್ತದೆ; ಕೆಲವರಿಗೆ ಬಿಡದ ಒಣಕೆಮ್ಮು ತರುತ್ತದೆ. ಟೆಲ್ಮಿಸಾರ್ಟಾನ್ ತಯಾರಾದದ್ದು ನಾಳಕ್ಕೆ ಅಂಟದಂತೆ ನೋಡಿಕೊಳ್ಳುತ್ತದೆ, ಕೆಮ್ಮು ಅಪರೂಪ.

ಈಗ ಮೇಷ್ಟರ ಕಾಲಿಗೆ ಬರೋಣ. ಮೂತ್ರದಲ್ಲಿ ಪ್ರೋಟೀನು ಇರಲಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು ಸರಿಯಾಗಿದ್ದವು. ಇಷ್ಟನ್ನು ನೋಡದೆ ಮಾತ್ರೆಯನ್ನು ದೂರಬಾರದು. ಆಮ್ಲೋಡಿಪಿನ್ ಲೋಮನಾಳಗಳಿಗೆ ರಕ್ತ ತರುವ ಬಾಗಿಲನ್ನು ಅಗಲಿಸುತ್ತದೆ. ಹೊರಹೋಗುವ ಬಾಗಿಲನ್ನು ಅಷ್ಟಾಗಿ ಅಗಲಿಸುವುದಿಲ್ಲ. ನಡುವೆ ಒತ್ತಡ ಹೆಚ್ಚಿ ನೀರು ಜಿನುಗಿ, ದಿನವಿಡೀ ಇಳಿಬಿಟ್ಟ ಪಾದದಲ್ಲಿ ನಿಲ್ಲುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಿದಂತೆ ಊತವೂ ಹೆಚ್ಚುತ್ತದೆ.

ಇಂಥ ಊತಕ್ಕೆ ಮೂತ್ರವರ್ಧಕವನ್ನು ಬರೆದುಕೊಡುವುದು ಸಾಮಾನ್ಯವಾದ ತಪ್ಪು. ದೇಹದಲ್ಲಿ ನೀರು ಹೆಚ್ಚಾಗಿಲ್ಲ, ಇರಬಾರದ ಕಡೆ ನಿಂತಿದೆ, ಅಷ್ಟೆ. ಆದ್ದರಿಂದ ಊತ ಅಷ್ಟೇನೂ ಇಳಿಯದು. ನಾನು ಆಮ್ಲೋಡಿಪಿನ್ನನ್ನು ಮತ್ತೆ 5ಕ್ಕೆ ಇಳಿಸಿ, ಟೆಲ್ಮಿಸಾರ್ಟಾನ್ 40 ಸೇರಿಸಿದೆ. ಇದು ಹೊರಹೋಗುವ ಬಾಗಿಲನ್ನೂ ಸಡಿಲಿಸುತ್ತದೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದಾದ್ದರಿಂದ ಎರಡು ವಾರಕ್ಕೆ ಅದನ್ನೂ ಕ್ರಿಯಾಟಿನಿನ್ನನ್ನೂ ಪರೀಕ್ಷಿಸಿದೆ. ಗರ್ಭಿಣಿಯರಿಗಂತೂ ಈ ವರ್ಗದ ಮಾತ್ರೆ ಸಲ್ಲದು.

ತಿಂಗಳಾದ ಮೇಲೆ ಮೇಷ್ಟರು ಬಂದರು. ಒತ್ತಡ 132/82. ಕಣಕಾಲಿನ ಮೇಲೆ ಬೆರಳೊತ್ತಿದೆ; ಕುಳಿ ಬೀಳಲಿಲ್ಲ.