ಕೊಳವೆಬಾವಿಯ ನೀರು, ಆಮ್ಲ ಮತ್ತು ಒಂದು ರೇಖೆ

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿ ನಾಲೆಯ ನೀರುಂಟು. ನಾಗಮಂಗಲದ ಕಡೆ ಹೋದರೆ ಬಹುಪಾಲು ಕೊಳವೆಬಾವಿಯೇ ಗತಿ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಬೈಕಾರ್ಬೊನೇಟ್ ಕರಗಿರುತ್ತದೆ. ಆ ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುವುದು ಇದರಿಂದಲೇ. ಎಷ್ಟು ಕರಗಿದೆ ಎಂದು ಶಾಲೆಯ ಪ್ರಯೋಗಶಾಲೆಯಲ್ಲೇ ಅಳೆಯಬಹುದು.

ಒಂದು ಮಾದರಿಯನ್ನು ಊಹಿಸಿಕೊಳ್ಳೋಣ. ಪಿಪೆಟ್‌ನಿಂದ 50 ಮಿಲಿಲೀಟರ್ ನೀರನ್ನು ಫ್ಲಾಸ್ಕಿಗೆ ಹಾಕಿ, ಬ್ಯುರೆಟ್‌ನಲ್ಲಿ 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ತುಂಬಿ. ಆಮ್ಲ ಬಿಡುತ್ತಾ ಪಿಎಚ್ ಮೀಟರ್ ಓದಿ, ಹಾಕಿದ ಆಮ್ಲವನ್ನು ಅಡ್ಡಕ್ಕೂ ಪಿಎಚ್ ಅನ್ನು ಉದ್ದಕ್ಕೂ ಗುರುತಿಸಿ. ನೀರಿನ ಪಿಎಚ್ ಸುಮಾರು 8.3ರಿಂದ ಆರಂಭವಾಗುತ್ತದೆ. ಮೊದಲು ಕೊಂಚ ಬೇಗ ಇಳಿದು, ಆಮೇಲೆ 6.35ರ ಸುತ್ತ ರೇಖೆ ಬಹುತೇಕ ಮಲಗುತ್ತದೆ. ಹಾಕಿದ ಆಮ್ಲವನ್ನೆಲ್ಲ ಬೈಕಾರ್ಬೊನೇಟ್ ನುಂಗುತ್ತಾ ಇಂಗಾಲದ ಡೈ ಆಕ್ಸೈಡ್ ಆಗುತ್ತಿರುವ ಹೊತ್ತು ಅದು.

ಇಲ್ಲೇ ಮಕ್ಕಳು ಎಡವುವುದು. ಪಿಎಚ್ 7 ಬಂದೊಡನೆ ಆಮ್ಲ ಪ್ರತ್ಯಾಮ್ಲ ಸರಿಸಮವಾಯಿತು ಎಂದು ನಿಲ್ಲಿಸಿಬಿಡುತ್ತಾರೆ. ಆದರೆ ಆಗ ಖರ್ಚಾಗಿರುವುದು ಸುಮಾರು 3 ಮಿಲಿಲೀಟರ್ ಮಾತ್ರ. ಬೈಕಾರ್ಬೊನೇಟ್‌ನ ಐದರಲ್ಲಿ ನಾಲ್ಕು ಪಾಲು ಹಾಗೆಯೇ ಉಳಿದಿದೆ. ಸಮಾನತಾ ಬಿಂದು ಎಂದರೆ ಬೈಕಾರ್ಬೊನೇಟ್ ಎಷ್ಟಿತ್ತೋ ಅಷ್ಟಕ್ಕೇ ಸಾಲುವ ಆಮ್ಲ ಬಿದ್ದ ಗಳಿಗೆ. ಆಗ ಫ್ಲಾಸ್ಕಿನಲ್ಲಿ ಕಾರ್ಬೊನಿಕ್ ಆಮ್ಲವಿರುವುದರಿಂದ ಪಿಎಚ್ 7ಕ್ಕಿಂತ ಬಹಳ ಕೆಳಗೆ, 4.3ರ ಆಸುಪಾಸು ಇರುತ್ತದೆ.

ಹಾಗಾದರೆ ರೇಖೆಯಲ್ಲಿ ಅದನ್ನು ಹುಡುಕುವುದು ಹೇಗೆ? ಪಿಎಚ್‌ನ ಅಂಕಿಯನ್ನು ಮರೆತು ಇಳಿಜಾರನ್ನು ನೋಡಿ. ನಮ್ಮ ಮಾದರಿಯಲ್ಲಿ 14 ಮಿಲಿಲೀಟರ್‌ಗೆ 5.2, 14.5ಕ್ಕೆ 4.9, 15ಕ್ಕೆ 4.3, 15.5ಕ್ಕೆ 3.8, 16ಕ್ಕೆ 3.5. ಪ್ರತಿ ಅರ್ಧ ಮಿಲಿಲೀಟರ್‌ಗೆ ಬಿದ್ದ ಇಳಿತ 0.3, 0.6, 0.5, 0.3. ಅತಿ ಕಡಿದಾದ ಜಾಗ 15ರ ಬಳಿ. ಅದೇ ಸಮಾನತಾ ಬಿಂದು. ಈ ಅಳತೆಗಳಿಗೆ ಒಂದು ಮಿಲಿಲೀಟರ್ ಆಮ್ಲವೆಂದರೆ ಲೀಟರಿಗೆ 20 ಮಿಲಿಗ್ರಾಂ ಕ್ಷಾರೀಯತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಒಟ್ಟು 300. ಏಳಕ್ಕೆ ನಿಲ್ಲಿಸಿದವರಿಗೆ ಸಿಗುವುದು ಬರೀ 60. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಒಪ್ಪಿತ ಮಿತಿ 200, ಬೇರೆ ನೀರು ಸಿಗದಿದ್ದರೆ 600. ಅಂದರೆ ಆ ಒಂದು ತಪ್ಪು ಮಿತಿ ಮೀರಿದ ನೀರನ್ನು ಮಿತಿಯೊಳಗೆ ತಂದು ಕೂರಿಸುತ್ತದೆ.

ಪಿಎಚ್ ಮೀಟರ್ ಇಲ್ಲದ ಶಾಲೆಯಲ್ಲಿ ಸೂಚಕವೇ ಆಸರೆ. ಫಿನಾಲ್ಫ್ಥಲೀನ್ ಇಲ್ಲಿ ಕೆಲಸಕ್ಕೆ ಬಾರದು. ಇಂಥ ನೀರಿನಲ್ಲಿ ಅದು ಮೊದಲಿಂದಲೂ ಬಣ್ಣ ತೋರುವುದೇ ಕಷ್ಟ. ಮೀಥೈಲ್ ಆರೆಂಜ್ 4.4ರಿಂದ 3.1ರ ನಡುವೆ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಹಳದಿಗೆ ಕಿತ್ತಳೆಯ ಛಾಯೆ ಮೊದಲು ತಗುಲಿದಾಗಲೇ ನಲ್ಲಿ ಮುಚ್ಚಬೇಕು. ಪೂರ್ತಿ ಕೆಂಪಾಗಲಿ ಎಂದು ಕಾದರೆ 16 ಮಿಲಿಲೀಟರ್ ದಾಟಿ ಹೋಗಿರುತ್ತದೆ. ಸಾಮಾನ್ಯ ನೀರು ಇಷ್ಟು ತೆಳುವಾದ ದ್ರಾವಣವಾದ್ದರಿಂದ ರೇಖೆ ಗೋಡೆಯಂತೆ ಧುಮುಕುವುದಿಲ್ಲ, ಓರೆಯಾಗಿ ಇಳಿಯುತ್ತದೆ. ಹಾಗಾಗಿ ಮೊದಲ ಸಲ ಅಂದಾಜು ಬಿಂದು ತಿಳಿದುಕೊಂಡು, ಎರಡನೆಯ ಸಲ ಅದರ ಹತ್ತಿರ ಒಂದೊಂದೇ ಹನಿ ಬಿಟ್ಟು ಓದಿ.