ಕೋಲು ಒಬ್ಬರಿಗೆ, ಇಕ್ಕಳ ಒಬ್ಬರಿಗೆ

ದಮಯಂತಿ ಗಂಡನನ್ನು ಗುರುತು ಹಿಡಿದದ್ದು ಮುಖ ನೋಡಿ ಅಲ್ಲ, ಒಂದು ತುತ್ತು ಬಾಯಿಗಿಟ್ಟು. ಇವತ್ತಿನ ಸಂಚಿಕೆ ಶುರುವಾಗಬೇಕಾದದ್ದು ಇಲ್ಲಿಂದಲೇ. ದುಡಿದು ಸುಸ್ತಾಗಿ ಮನೆಗೆ ಬರುವ ಗಂಡ ಹೆಂಡತಿ ಒಟ್ಟಿಗೆ ಅಡುಗೆ ಮಾಡಿ ಉಣ್ಣುವುದರಲ್ಲಿ ಪ್ರೀತಿ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಮಹಾಭಾರತದ ವನಪರ್ವ ಕೊಡುವಷ್ಟು ಚುರುಕಾದ ಉತ್ತರ ಬೇರೆ ಕಡೆ ಸಿಗುವುದು ಕಷ್ಟ.

ಕತೆ ಎಲ್ಲರಿಗೂ ಗೊತ್ತು: ಜೂಜು, ಕಾಡು, ಅಗಲಿಕೆ. ಅದನ್ನೆಲ್ಲ ಬಿಟ್ಟು ನೇರವಾಗಿ ಕುಂಡಿನಪುರದ ಲಾಯಕ್ಕೆ ಹೋಗೋಣ. ಕಾರ್ಕೋಟಕ ಹಾವು ಕಚ್ಚಿ ರೂಪ ಕೆಟ್ಟ ನಳ, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ಬಂದಿದ್ದಾನೆ. ರಥದ ಸದ್ದು ಕೇಳಿದಾಗಲೇ ದಮಯಂತಿಗೆ ಅನುಮಾನ. ಕೇಶಿನಿ ಎಂಬ ಸಖಿಯನ್ನು ಕಳಿಸುತ್ತಾಳೆ. ಕೇಶಿನಿ ನೋಡಿ ಬಂದು ಹೇಳುವುದು ಅಡುಗೆಮನೆಯ ಸುದ್ದಿಯನ್ನೇ: ಅವನು ದಿಟ್ಟಿಸಿದರೆ ಬರಿದಾದ ಪಾತ್ರೆಗಳಲ್ಲಿ ನೀರು ತುಂಬಿಕೊಳ್ಳುತ್ತದೆ, ಒಂದು ಹಿಡಿ ಹುಲ್ಲು ಹಿಡಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸ್ವಯಂವರದ ದಿನ ವರುಣ, ಅಗ್ನಿ ಕೊಟ್ಟ ವರಗಳವು. ಯಮ ಕೊಟ್ಟದ್ದು ಅನ್ನದ ರುಚಿ.

ಇಷ್ಟು ಸಾಕ್ಷಿ ಸಾಕಿತ್ತು. ದಮಯಂತಿಗೆ ಸಾಲಲಿಲ್ಲ. ಅವನು ಬೇಯಿಸಿದ ಮಾಂಸದ ಒಂದು ತುಣುಕು ತರಿಸಿಕೊಂಡಳು, ಬಾಯಿಗಿಟ್ಟಳು, ಅತ್ತಳು. ಹಿಂದೆ ಎಷ್ಟೋ ಸಲ ನಳ ಬೇಯಿಸಿದ್ದನ್ನು ಉಂಡವಳು ಅವಳು ಎಂದು ಅಲ್ಲೇ ಕವಿ ಹೇಳುತ್ತಾನೆ. ಈ ಮಾತನ್ನು ಯಾರೂ ನಿಂತು ಓದುವುದಿಲ್ಲ. ‘ನಳಪಾಕ’ ಎಂದು ಹೋಟೆಲುಗಳಿಗೆ ಬೋರ್ಡು ಬರೆಸುತ್ತಾರೆ, ಮದುವೆ ಮನೆಯ ಬಾಣಸಿಗರನ್ನು ಹೊಗಳುತ್ತಾರೆ. ಆದರೆ ಆ ರಾಜ ಹೆಂಡತಿಗೆ ಬೇಯಿಸಿ ಹಾಕುತ್ತಿದ್ದ, ಮತ್ತೆ ಮತ್ತೆ ಹಾಕುತ್ತಿದ್ದ, ಅದಕ್ಕೇ ಅವಳ ನಾಲಗೆಗೆ ಆ ಕೈಯ ರುಚಿ ಗೊತ್ತಿತ್ತು ಎಂಬುದು ಹಿಂದೆ ಸರಿದುಬಿಡುತ್ತದೆ. ಒಂದು ದಿನದ ಅಡುಗೆಯಿಂದ ಇಂಥ ಗುರುತು ಹುಟ್ಟುವುದಿಲ್ಲ.

‘ಗಂಡಸು ಒಲೆ ಮುಂದೆ ನಿಲ್ಲುವುದು ನಮ್ಮ ಸಂಪ್ರದಾಯವಲ್ಲ’ ಎಂದು ವಾದಿಸುವವರಿಗೆ ನಳನನ್ನು ತೋರಿಸಿದರೆ, ‘ಅದು ಪುರಾಣ ಸ್ವಾಮಿ’ ಎನ್ನುತ್ತಾರೆ. ಸಂಪ್ರದಾಯಕ್ಕೆ ಪುರಾಣ ಬೇಕು, ಸಾಕ್ಷಿಗೆ ಬೇಡ! ಇರಲಿ. ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ನಳನದು ತುಸು ಸುಲಭದ ಅಡುಗೆ. ನೀರು ತಾನೇ ತುಂಬುತ್ತದೆ, ಬೆಂಕಿ ತಾನೇ ಹೊತ್ತುತ್ತದೆ. ಸೊಪ್ಪು ಬಿಡಿಸುವವರು ಯಾರು, ಬೇಳೆ ಮುಗಿದದ್ದನ್ನು ನೆನಪಿಡುವವರು ಯಾರು ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ.

ನಮ್ಮ ಮನೆಗಳಲ್ಲಿ ಬರುತ್ತದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತ್ತು. ಆರು ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 26 ಮಂದಿ ಮಾತ್ರ ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚಿದ್ದರು. ಹೆಂಗಸರಲ್ಲಿ 81 ಮಂದಿ. ಕೈ ಹಚ್ಚಿದವರಲ್ಲಿ ಗಂಡಸರು ಕಳೆದದ್ದು ಸರಾಸರಿ 97 ನಿಮಿಷ, ಹೆಂಗಸರು 299 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ. ಈ ಲೆಕ್ಕ ಇಟ್ಟುಕೊಂಡು ‘ಊಟ ಹಾಕಿ ಮನಸ್ಸು ಗೆಲ್ಲು’ ಎಂದು ಹೊಸ ಮದುಮಗಳಿಗೆ ಹೇಳುವ ಬುದ್ಧಿಮಾತನ್ನು ಕೇಳಿದರೆ ಅದರಲ್ಲಿ ಪ್ರೀತಿಗಿಂತ ಬಿಟ್ಟಿ ಕೆಲಸವೇ ಹೆಚ್ಚು ಕಾಣುತ್ತದೆ. ಒಬ್ಬಳು ತಿರುವುತ್ತ ನಿಂತು, ಇನ್ನೊಬ್ಬ ಸೋಫಾದಿಂದ ‘ಘಮ ಸೂಪರ್’ ಎಂದರೆ ಅದು ಒಟ್ಟಿಗೆ ಮಾಡಿದ ಅಡುಗೆ ಅಲ್ಲ.

ಹಾಗಾದರೆ ಯಾವುದು? ಈ ಕಾರ್ಯಕ್ರಮದ ಪಕ್ಷಪಾತವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು: ರಾಗಿಮುದ್ದೆ. ಪಿಜ್ಜಾ, ಪಾಸ್ತಾ, ಮೇಣದಬತ್ತಿ ಎಲ್ಲ ಅವರವರ ಇಷ್ಟ. ಆದರೆ ನಾಲ್ಕು ಕೈ ಬೇಡುವ, ಇಬ್ಬರನ್ನೂ ಒಂದೇ ಗಳಿಗೆಗೆ ತಟ್ಟೆಯ ಮುಂದೆ ಕೂರಿಸುವ ಅಡುಗೆ ಬೇಕಾದರೆ ಹಳೇ ಮೈಸೂರು ಸೀಮೆಯ ಹಿಟ್ಟಿಗೆ ಸಮ ಇನ್ನೊಂದಿಲ್ಲ.

ಬೆಂಗಳೂರಿನ ಒಂದು ಬಾಡಿಗೆ ಮನೆ ಎಂದಿಟ್ಟುಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವವರು, ರಾತ್ರಿ ಎಂಟಕ್ಕೆ ಮನೆ ಸೇರುವವರು. ಮೊದಲ ಕೆಲಸ ಬಸ್ಸಾರಿನದು. ಕುಕ್ಕರಿನಲ್ಲಿ ತೊಗರಿಬೇಳೆ ಬೇಯುತ್ತಿರುವಾಗ ಇಬ್ಬರೂ ಪೇಪರ್ ಹಾಸಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಾರೆ. ಕಣ್ಣು ಸೊಪ್ಪಿನ ಮೇಲೆ, ಕೈಗೆ ಕೆಲಸ. ಎದುರಾಬದುರಾ ಕೂತು ಆಡಲಾಗದ ಮಾತು, ಅಂದರೆ ಆಫೀಸಿನಲ್ಲಿ ಆದ ಅವಮಾನ, ಊರಿಗೆ ಕಳಿಸಬೇಕಾದ ದುಡ್ಡು, ಬೆಳಿಗ್ಗೆಯ ಜಗಳದ ಬಾಕಿ, ಇಲ್ಲಿ ತಾನಾಗಿ ಹೊರಬರುತ್ತದೆ. ಮುಖ ನೋಡಬೇಕಾಗಿಲ್ಲ ಎಂಬುದೇ ಇಲ್ಲಿನ ಅನುಕೂಲ. ಬೆಂದ ಬೇಳೆಗೆ ಸೊಪ್ಪು ಹಾಕಿ ಕುದಿಸಿ, ಕಟ್ಟು ಬಸಿದಿಟ್ಟರೆ ಒಂದು ಪಾತ್ರೆಯಿಂದ ಎರಡು ಅಡುಗೆ. ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು ಬೇಳೆ ರುಬ್ಬಿ ಹಾಕಿ ಕುದಿಸಿದರೆ ಸಾರು.

ಈಗ ಮುದ್ದೆ. ಇಬ್ಬರಿಗೆ ಮಧ್ಯಮ ಗಾತ್ರದ ಎರಡು ಮುದ್ದೆಗೆ ಒಂದು ಲೋಟ ಹಿಟ್ಟು, ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿದರೆ ನೀರು ತುಸು ಗಂಜಿಯಂತಾಗಿ, ಮುಂದೆ ಬೀಳುವ ಹಿಟ್ಟು ಗಂಟಾಗುವುದು ಕಡಿಮೆ. ಚಿಟಿಕೆ ಉಪ್ಪು, ಅರ್ಧ ಚಮಚ ಎಣ್ಣೆ. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕಲಕಬಾರದು. ಹೊಸಬರೆಲ್ಲ ತಪ್ಪುವುದು ಇಲ್ಲೇ. ಹಿಟ್ಟು ಕಂಡ ಕೂಡಲೇ ಕೈ ತುರಿಸುತ್ತದೆ. ಕೋಲನ್ನು ನಡುವೆ ಚುಚ್ಚಿ ತೂತು ಮಾಡಿ, ಉರಿ ತಗ್ಗಿಸಿ, ನಾಲ್ಕೈದು ನಿಮಿಷ ಬಿಡಬೇಕು. ಆ ತೂತಿನಿಂದ ನೀರು ಮೇಲೆ ಉಕ್ಕಿ ಹಿಟ್ಟಿನ ಗುಡ್ಡೆಯನ್ನು ಬೇಯಿಸುತ್ತದೆ. ರಾಗಿಯಲ್ಲಿ ಗೋಧಿಯಂತೆ ಜಿಗುಟಿನ ಅಂಶವಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಬೆಂದ ಪಿಷ್ಟ ಮಾತ್ರ, ಹಾಗಾಗಿ ಬೇಯದ ಹಿಟ್ಟನ್ನು ಎಷ್ಟು ತಿರುವಿದರೂ ಮುದ್ದೆ ಆಗದು.

ಆಮೇಲೆ ಬರುವುದು ನಾಲ್ಕು ಕೈಯ ಕೆಲಸ. ಹಳ್ಳಿಯಲ್ಲಿ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲು ಕೊಟ್ಟು, ಅದನ್ನು ಕಾಲಲ್ಲಿ ಅದುಮಿ ಹಿಡಿದು ಒಬ್ಬರೇ ತೊಳಸುತ್ತಿದ್ದರು. ನಿಂತು ಮಾಡುವ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಒಬ್ಬರು ಇಕ್ಕಳದಲ್ಲಿ ಪಾತ್ರೆ ಬಿಗಿಹಿಡಿಯಬೇಕು, ಇನ್ನೊಬ್ಬರು ಕೋಲು ತಿರುಗಿಸಬೇಕು. ಹಿಡಿದವರು ಸಡಿಲ ಬಿಟ್ಟರೆ ಪಾತ್ರೆ ಕೋಲಿನ ಜೊತೆ ಸುತ್ತುತ್ತದೆ, ಗಂಟು ಒಡೆಯುವುದಿಲ್ಲ. ತಿರುಗಿಸುವವರು ಆತುರ ಪಟ್ಟರೆ ಹಬೆ ಹಿಡಿದವರ ಕೈ ಸುಡುತ್ತದೆ. ‘ಹಿಡ್ಕೊ’, ‘ತಡಿ’, ‘ಈ ಕಡೆ ವಾಲಿಸು’: ಎರಡು ನಿಮಿಷ ಬೇರೆ ಮಾತಿಲ್ಲ. ಫೋನು ಹಿಡಿಯಲು ಐದನೆಯ ಕೈ ಇಲ್ಲ. ಗಂಟನ್ನು ಪಾತ್ರೆಯ ಅಂಚಿಗೆ ಒತ್ತಿ ಒಡೆಯಬೇಕು. ಬಣ್ಣ ಗಾಢವಾಗಿ ಹೊಳಪು ಬಂದು, ಒದ್ದೆ ಬೆರಳಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ. ಅಂಟಿದರೆ, ಹಸಿ ವಾಸನೆ ಬಂದರೆ, ತುಸು ಬಿಸಿನೀರು ಚಿಮುಕಿಸಿ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಇನ್ನೆರಡು ನಿಮಿಷ.

‘ಇಷ್ಟೆಲ್ಲ ಯಾಕೆ, ಕುಕ್ಕರಿನಲ್ಲಿ ಒಬ್ಬರೇ ಮುದ್ದೆ ಮಾಡಬಹುದಲ್ಲ’ ಎಂದು ತೋರಿಸುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಮಾಡಬಹುದು, ಚೆನ್ನಾಗಿಯೂ ಬರುತ್ತದೆ. ಒಂಟಿಯಾಗಿ ಕೋಣೆ ಮಾಡಿಕೊಂಡಿರುವವರಿಗೆ ಅದು ದೊಡ್ಡ ಉಪಕಾರ. ಆದರೆ ‘ಕಷ್ಟ ತಪ್ಪಿತು’ ಎನ್ನುವ ಆ ಹೆಮ್ಮೆಯೊಂದಿಗೆ ಈ ಕಾರ್ಯಕ್ರಮಕ್ಕೆ ತಕರಾರಿದೆ. ತಪ್ಪಿದ್ದು ಇಬ್ಬರು ಒಂದೇ ಪಾತ್ರೆಯ ಮುಂದೆ ನಿಲ್ಲಬೇಕಾದ ಕಾರಣ ಕೂಡ.

ಮತ್ತೆ ಒಂದು ಸ್ಪಷ್ಟನೆ. ಪಾತ್ರೆ ಹಿಡಿದ ಮಾತ್ರಕ್ಕೆ ಅರ್ಧ ಅಡುಗೆ ಮಾಡಿದಂತಲ್ಲ. ಸೊಪ್ಪು ತಂದವರು, ಹಿಟ್ಟು ಬೀಸಿಸಿದವರು, ನಾಳೆಗೇನು ಎಂದು ಯೋಚಿಸಿದವರು ಒಬ್ಬರೇ ಆಗಿದ್ದರೆ ಆ 299 ನಿಮಿಷದಲ್ಲಿ ಕಡಿತವಾಗುವುದು ಎರಡೇ ಎರಡು ನಿಮಿಷ. ಹೊಸದಾಗಿ ಕೈ ಹಾಕಿದವರಿಂದ ಮೊದಮೊದಲು ಕೆಲಸ ನಿಧಾನವಾಗುತ್ತದೆ ಎಂಬುದೂ ನಿಜ. ‘ನೀವು ಆಚೆ ಹೋಗಿ, ನಾನೇ ಮಾಡ್ತೀನಿ’ ಎಂಬ ಮಾತು ಹುಟ್ಟುವುದೂ ಆಗಲೇ. ಹೋಗಿಬಿಟ್ಟರೆ ಮುಗಿಯಿತು, ಮತ್ತೆ ಒಳಗೆ ಬರುವುದು ಕಷ್ಟ.

ಇನ್ನು ಉಣ್ಣುವುದು. ನಮ್ಮ ಮದುವೆಗಳಲ್ಲಿ ಭೂಮದ ಊಟ ಎಂಬ ಶಾಸ್ತ್ರವಿದೆ; ಕೆಲವು ಕಡೆ ಬೂವ ಎನ್ನುತ್ತಾರೆ. ಮದುಮಕ್ಕಳು ನೆಂಟರಿಷ್ಟರ ನಡುವೆ ಒಟ್ಟಿಗೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ, ತುತ್ತು ಕೊಡುತ್ತಾರೆ. ಒಡಪು ಹೇಳಿಸದೆ ಬಿಡದ ಅತ್ತಿಗೆ ನಾದಿನಿಯರು ಸುತ್ತ ಇರುತ್ತಾರೆ. ಸೋಜಿಗ ಎಂದರೆ, ಊರೆಲ್ಲ ನೋಡುತ್ತಿರುವಾಗ ಒಂದೇ ತಟ್ಟೆಯಲ್ಲಿ ಉಂಡ ಎಷ್ಟೋ ಹೆಂಗಸರು ಮಾರನೆಯ ದಿನದಿಂದ ಎಲ್ಲರದೂ ಆದ ಮೇಲೆ ಕೊನೆಯಲ್ಲಿ ಕೂತರು, ಮೂವತ್ತು ನಲವತ್ತು ವರ್ಷ ಹಾಗೇ ನಡೆಸಿದರು. ಒಟ್ಟಿಗೆ ಉಣ್ಣುವುದು ಶಾಸ್ತ್ರದಲ್ಲಿತ್ತು, ಸಂಸಾರದಲ್ಲಿ ಇರಲಿಲ್ಲ.

ಮುದ್ದೆ ಈ ವಿಷಯದಲ್ಲೂ ಹಟಮಾರಿ. ಆರಿದರೆ ಮೇಲೆ ಸಿಪ್ಪೆ ಕಟ್ಟುತ್ತದೆ, ಗಟ್ಟಿಯಾಗುತ್ತದೆ. ಒದ್ದೆ ಕೈಯಲ್ಲಿ ಉಂಡೆ ಕಟ್ಟಿದ ಕೂಡಲೇ ಕಟ್ಟಿದವರೂ ಕೂರಬೇಕು. ‘ನೀವು ಶುರು ಮಾಡಿ, ನಾನು ಬರ್ತೀನಿ’ ಎಂದರೆ ಬರುವಷ್ಟರಲ್ಲಿ ಸೊಗಸು ಹೋಗಿರುತ್ತದೆ. ಇಬ್ಬರಲ್ಲೊಬ್ಬರು ಬೇರೆ ಸೀಮೆಯಿಂದ ಬಂದವರಾದರೆ ಇನ್ನೊಂದು ಪಾಠವೂ ಇದೆ: ಜಗಿಯಬಾರದು. ತುಣುಕು ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಜಗಿದರೆ ಹಲ್ಲಿಗೆ ಮೆತ್ತಿಕೊಂಡು ಮಾತೇ ನಿಲ್ಲುತ್ತದೆ. ಜೋಳದ ಸೀಮೆಯ ಅಳಿಯ, ಅಕ್ಕಿಯ ಸೀಮೆಯ ಸೊಸೆ, ಹೀಗೆ ಎಷ್ಟೋ ಮಂದಿಗೆ ಮೊದಲ ಮುದ್ದೆ ನುಂಗಲು ಕಲಿಸಿದವರು ಪಕ್ಕದಲ್ಲಿ ಕೂತ ಗಂಡನೋ ಹೆಂಡತಿಯೋ.

ಶಿಫ್ಟಿನವರ ಮಾತು ಬಾಕಿ ಇದೆ, ಹೊತ್ತು ಮುಗಿಯುತ್ತ ಬಂತು. ಒಬ್ಬರು ಹಗಲು, ಒಬ್ಬರು ರಾತ್ರಿ ದುಡಿಯುವ ಮನೆಯಲ್ಲಿ ಸಾರನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿ ಇಡಬಹುದು. ಬಸ್ಸಾರು ಮಾರನೆಯ ದಿನಕ್ಕೆ ರುಚಿ ಕೂಡುತ್ತದೆಯೇ ಹೊರತು ಕೆಡುವುದಿಲ್ಲ. ಎಸರಿಡುವುದರಿಂದ ಮುದ್ದೆ ಕಟ್ಟುವವರೆಗೆ ಕಾಲು ಗಂಟೆ ಸಾಕು. ಹಾಗಾಗಿ ಒಬ್ಬರ ರಾತ್ರಿಯೂಟ ಇನ್ನೊಬ್ಬರ ಬೆಳಗಿನ ಊಟವಾಗಿ, ಏಳು ಗಂಟೆಗೆ ಮುದ್ದೆ ಬಿದ್ದರೂ ಅಡ್ಡಿಯಿಲ್ಲ. ರೈತರ ಮನೆಗಳಲ್ಲಿ ಹೊಲಕ್ಕೆ ಹೋಗುವ ಮುಂಚೆ ಹಿಟ್ಟು ಉಣ್ಣುವುದು ಹೊಸತೇನಲ್ಲ. ಒಂದು ಮುದ್ದೆ ಮಿಕ್ಕರೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ನಂಚಿಕೊಂಡರೆ ಮುಂದಿನ ಹೊತ್ತಿನದು ಆಯಿತು. ಪಾತ್ರೆಗೆ ಮಾತ್ರ ಉಂಡೆ ಕಟ್ಟಿದ ಕೂಡಲೇ ತಣ್ಣೀರು ಹುಯ್ಯಬೇಕು, ಇಲ್ಲದಿದ್ದರೆ ತಳ ಹಿಡಿದ ಹಿಟ್ಟು ಒಣಗಿ ಉಜ್ಜಿದರೂ ಬಾರದು. ಅದನ್ನು ತಿಕ್ಕುವವರು ಯಾರು ಎಂಬುದನ್ನು ಎಸರಿಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ವಾಸಿ.