ಬೆಲೆಪಟ್ಟಿಯಿಂದ ಮರೆಯಾದ ಬ್ಯಾಂಕುಗಳು

ಷೇರು ಕೊಳ್ಳುವ, ಮಾರುವ ನಿಯಮವೊಂದು ಲಾಭ ತಂದೀತೇ ಎಂದು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಅದರ ಫಲಿತಾಂಶ ನಂಬಲು ಒಂದು ಷರತ್ತಿದೆ: ಅಂದು ಷೇರುದಾರನಿಗೆ ಕಂಡದ್ದು, ಅವನ ಕೈಗೆ ಸಿಕ್ಕಿದ್ದು ಲೆಕ್ಕದಲ್ಲೂ ಹಾಗೆಯೇ ಇರಬೇಕು. ಮಂಗಳೂರು ಬ್ಯಾಂಕುಗಳ ತವರು; ಉದಾಹರಣೆಗೆ ದೂರ ಹೋಗಬೇಕಾಗಿಲ್ಲ.

1906ರಲ್ಲಿ ಇಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, 2024ರ ಮೇ ತಿಂಗಳಲ್ಲಿ 10 ರೂಪಾಯಿ ಮುಖಬೆಲೆಯ ಒಂದೊಂದು ಷೇರನ್ನೂ 2 ರೂಪಾಯಿಯ ಐದು ಷೇರುಗಳಾಗಿ ವಿಭಜಿಸಿತು. ಸುಮಾರು 560 ರೂಪಾಯಿಯ ಷೇರು ಮರುದಿನ 112ರ ಆಸುಪಾಸಿಗೆ ಇಳಿಯಿತು. ಯಾರಿಗೂ ನಷ್ಟವಾಗಲಿಲ್ಲ, ಆದರೆ ಸರಿಪಡಿಸದ ಪಟ್ಟಿ ಓದುವ ಪ್ರೋಗ್ರಾಂ, ಶೇಕಡಾ 80 ಕುಸಿತವೆಂದು ಷೇರನ್ನು ಮಾರಿಬಿಡುತ್ತದೆ. ಆದ್ದರಿಂದ ಹಿಂದಿನ ಬೆಲೆಗಳನ್ನು ಐದರಿಂದ ಭಾಗಿಸಬೇಕು, ವಹಿವಾಟಾದ ಷೇರುಗಳ ಸಂಖ್ಯೆಯನ್ನು ಐದರಿಂದ ಗುಣಿಸಬೇಕು. ಮರುತಿಂಗಳ ಲಾಭಾಂಶದಲ್ಲಿ ಇನ್ನೊಂದು ಬಲೆಯಿದೆ. ಹಳೆಯ ಷೇರಿಗೆ 16.10 ರೂಪಾಯಿ ಎಂದು ಘೋಷಿಸಿದ್ದು ಹೊಸ ಷೇರಿಗೆ 3.22 ರೂಪಾಯಿ ಮಾತ್ರ. ಹಿಂದಿನ ದಿನದ ಬೆಲೆ 115 ಎಂದಿಟ್ಟುಕೊಂಡರೆ ಅದು ಶೇಕಡಾ 2.8, ಹಿಂದಿನ ಬೆಲೆಗಳನ್ನೆಲ್ಲ 0.972ರಿಂದ ಗುಣಿಸಿದರೆ ಲಾಭಾಂಶ ಗಳಿಕೆಗೆ ಸೇರುತ್ತದೆ. ತಪ್ಪಿ 16.10 ಎಂದೇ ಹಾಕಿದರೆ ಇಲ್ಲದ ಶೇಕಡಾ 14ರ ಗಳಿಕೆ ಮೂಡುತ್ತದೆ.

ಹಾಗಾದರೆ ಸರಿಪಡಿಸಿದ ಬೆಲೆ ಒಂದೇ ಸಾಲದೇ ಎಂದು ಕೇಳಬಹುದು. ಸಾಲದು. ‘200 ರೂಪಾಯಿಗಿಂತ ಕೆಳಗಿರುವ ಷೇರು ಕೊಳ್ಳು’ ಎಂಬ ನಿಯಮಕ್ಕೆ, ವಿಭಜನೆಗೆ ಮುಂಚಿನ ಕೆನರಾ ಷೇರು 112 ರೂಪಾಯಿಯದಾಗಿ ಕಾಣುತ್ತದೆ. ಅಂದು ಮಾರುಕಟ್ಟೆಯಲ್ಲಿ ಆ ಬೆಲೆಯೇ ಇರಲಿಲ್ಲ. ಹೀಗಾಗಿ ಗಳಿಕೆಗೆ ಸರಿಪಡಿಸಿದ ಬೆಲೆ, ಆಯ್ಕೆಗೆ ಅಂದಿನ ನಿಜ ಬೆಲೆ, ಎರಡೂ ಬೇಕು.

ಬೆಲೆಗಳೆಲ್ಲ ಸರಿಯಿದ್ದರೂ ಷೇರುಗಳ ಪಟ್ಟಿಯೇ ಸುಳ್ಳಾಗಬಹುದು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಇಲ್ಲಿಯೇ ಕೇಂದ್ರ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಸೇರಿದವು. ಇಂದಿನ ಪಟ್ಟಿ ಹಿಡಿದು 2015ರ ಪರೀಕ್ಷೆ ನಡೆಸಿದರೆ ಈ ಮೂರೂ ಇರುವುದಿಲ್ಲ. ಉಳಿದವುಗಳಷ್ಟೇ ಲೆಕ್ಕಕ್ಕೆ ಸಿಕ್ಕಿ ಫಲಿತಾಂಶ ಅವುಗಳ ಕಡೆ ವಾಲುತ್ತದೆ.

ಅವು ಮುಳುಗಲಿಲ್ಲವಲ್ಲ, ವಿಲೀನವಾದವಷ್ಟೇ ಎಂಬ ಆಕ್ಷೇಪ ಸಹಜ. ಅದಕ್ಕೇ ಅವನ್ನು ಸೊನ್ನೆ ಮಾಡುವುದೂ ತಪ್ಪು. ವಿಜಯಾದ 1000 ಷೇರಿಗೆ ಬರೋಡಾದ 402, ಕಾರ್ಪೊರೇಷನ್‌ನ 1000ಕ್ಕೆ ಯೂನಿಯನ್‌ನ 330 ಷೇರುಗಳು ಸಿಕ್ಕವು. ಅದೇ ಅನುಪಾತದಲ್ಲಿ ಖಾತೆ ಬದಲಿಸಿ ಮುಂದುವರಿಯಬೇಕು. ಆದರೆ ವಿಲೀನಕ್ಕೆ ಮುಂಚಿನ ವರ್ಷಗಳ ಏಳುಬೀಳನ್ನೂ ಷೇರುದಾರ ಅನುಭವಿಸಿದ್ದಾನೆ, ಅದನ್ನು ಅಳಿಸಲಾಗದು. ನಿಮ್ಮ ದತ್ತಾಂಶವನ್ನು ಪರೀಕ್ಷಿಸುವುದು ಸುಲಭ: 2015ರ ಯಾವುದಾದರೂ ದಿನದ ಪಟ್ಟಿ ತೆರೆದು ವಿಜಯಾ ಬ್ಯಾಂಕ್ ಹುಡುಕಿ. ಅದಿಲ್ಲವಾದರೆ, ನಿಯಮ ತೋರಿಸುವ ಲಾಭವನ್ನು ನಂಬಿ ಹಣ ಹೂಡಬೇಡಿ.